ಬಡ್ಡಿ ತೆಗೆಯದೆ ಬಿಟ್ಟರೆ ಅದು ಬೆಳೆಯುತ್ತದೆಯೇ?

ಬ್ಯಾಂಕಿನ ಠೇವಣಿ ವಿಭಾಗದಲ್ಲಿ ಬಹಳ ವರ್ಷ ಕೂತು ಎದ್ದವನು ನಾನು. ನಿವೃತ್ತಿಯಾದ ಮೇಲೂ ಜನ ಪಾಸ್‌ಬುಕ್, ರಿಸೀಟು ಹಿಡಿದು ಮನೆಗೆ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರ ಬಾಯಲ್ಲಿ ಒಂದೇ ಮಾತು: "ಸಾರ್, ನಾನು ಬಡ್ಡಿ ಮುಟ್ಟೇ ಇಲ್ಲ. ಅಲ್ಲೇ ಬಿಟ್ಟಿದ್ದೀನಿ. ಅದಕ್ಕೂ ಬಡ್ಡಿ ಬಂದಿರುತ್ತೆ ಅಲ್ವಾ?"

ಬಂದಿರಲೇಬೇಕು ಅಂತೇನೂ ಇಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬಡ್ಡಿಯನ್ನು ನೀವು ತೆಗೆಯದೆ ಬಿಡುವುದು ಒಂದು. ಆ ಬಡ್ಡಿ ಅಸಲಿಗೆ ಸೇರುವುದು ಇನ್ನೊಂದು. ಎರಡನೆಯದು ಆದರೆ ಮಾತ್ರ ಅದು ಚಕ್ರಬಡ್ಡಿ.

ಕಳೆದ ವರ್ಷದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ದಿನಾ ಬೆಳಿಗ್ಗೆ ಹೂ ಮಾರುವ ಅಕ್ಕ ಒಬ್ಬರಿದ್ದಾರೆ. 2020ರಲ್ಲಿ, ಕೊರೊನಾ ಕಾಲದಲ್ಲಿ ಹೇಗೋ ಉಳಿಸಿದ 10,000 ರೂಪಾಯಿಯನ್ನು ಅವರು ಅಂಚೆ ಕಚೇರಿಯಲ್ಲಿ ಐದು ವರ್ಷದ ಟೈಮ್ ಡೆಪಾಸಿಟ್‌ಗೆ, ಅಂದರೆ ಟಿಡಿಗೆ, ಹಾಕಿದ್ದರು. ಆಗ ಅದರ ಬಡ್ಡಿ ದರ 6.7%. ಟಿಡಿಯಲ್ಲಿ ಇಟ್ಟ ದಿನದ ದರವೇ ಅವಧಿ ಮುಗಿಯುವ ತನಕ ಇರುತ್ತದೆ. 2025ರಲ್ಲಿ ಅವಧಿ ಮುಗಿಯಿತು. ಕೈಗೆ ಬಂದದ್ದು 13,435 ರೂಪಾಯಿ.

ಕಾಲೇಜಿಗೆ ಹೋಗುವ ಅವರ ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ 13,941 ಬರಬೇಕು ಅಂದಿದ್ದ. 506 ರೂಪಾಯಿ ಕಡಿಮೆ. ಅಕ್ಕನಿಗೆ ಸಿಟ್ಟಿಗಿಂತ ನೋವು ಜಾಸ್ತಿ ಆಗಿತ್ತು. ಪಾಸ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟು, "ಐದು ವರ್ಷ ಒಂದು ರೂಪಾಯಿ ತೆಗೆದಿಲ್ಲ ಸಾರ್. ಎಲ್ಲಿ ಹೋಯ್ತು ನನ್ನ ಐನೂರು?" ಅಂದರು.

ಎಲ್ಲೂ ಹೋಗಿರಲಿಲ್ಲ. ಕೌಂಟರಿನಲ್ಲಿ ಕೂತವರು ತಪ್ಪು ಮಾಡಿರಲಿಲ್ಲ. ಮಗನ ಗುಣಾಕಾರವೂ ತಪ್ಪಾಗಿರಲಿಲ್ಲ. ಅವನು ಹಾಕಿದ್ದು ಬೇರೆ ಥರದ ಠೇವಣಿಯ ಲೆಕ್ಕ, ಅಷ್ಟೇ.

ಅಂಚೆ ಕಚೇರಿಯ ಟಿಡಿಯಲ್ಲಿ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಾರೆ, ವರ್ಷಕ್ಕೊಮ್ಮೆ ಕೊಡುತ್ತಾರೆ. ಆ ವರ್ಷದ ಒಳಗೆ ಬಡ್ಡಿಗೆ ಬಡ್ಡಿ ಸೇರುತ್ತದೆ. ಹಾಗಾಗಿಯೇ 10,000ಕ್ಕೆ ವರ್ಷಕ್ಕೆ 670 ಅಲ್ಲ, 687 ರೂಪಾಯಿ ಬರುತ್ತದೆ. ವರ್ಷ ತುಂಬಿದ ದಿನ ಆ 687 ನಿಮ್ಮದು. ನೀವು ಹೋಗಿ ತೆಗೆದುಕೊಳ್ಳಬಹುದು. ತೆಗೆದುಕೊಳ್ಳದಿದ್ದರೆ ಅದು ಅಲ್ಲೇ ಇರುತ್ತದೆ, ಆದರೆ ಸುಮ್ನೆ ಇರುತ್ತದೆ. ತೆಗೆಯದೆ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಇಲ್ಲ ಅಂತ ಯೋಜನೆಯ ನಿಯಮದಲ್ಲೇ ಇದೆ. ಎರಡನೇ ವರ್ಷವೂ ಬಡ್ಡಿ ಲೆಕ್ಕವಾಗುವುದು ಅದೇ 10,000ದ ಮೇಲೆ. ಮತ್ತೆ 687. ಐದು ವರ್ಷಕ್ಕೆ ಐದು ಸಲ 687, ಒಟ್ಟು 3,435. ಒಂದೊಂದು ವರ್ಷದ ಒಳಗೆ ಚಕ್ರಬಡ್ಡಿ, ವರ್ಷದಿಂದ ವರ್ಷಕ್ಕೆ ಸರಳ ಬಡ್ಡಿ. ಜನ ಎಡವುವುದು ಇಲ್ಲೇ.

ಬಡ್ಡಿ ಅಸಲಿಗೆ ಸೇರುವ ಠೇವಣಿಯಲ್ಲಿ ಇದೇ ದುಡ್ಡು, ಇದೇ ದರ ಇದ್ದಿದ್ದರೆ ಏನಾಗುತ್ತಿತ್ತು? ಅಕ್ಕನ ಮುಂದೆ ಹಳೆ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಮೊದಲ ವರ್ಷ 687. ಅಲ್ಲಿಯ ತನಕ ವ್ಯತ್ಯಾಸವೇ ಇಲ್ಲ. ವರ್ಷದ ಕೊನೆಗೆ ಅಸಲು 10,687 ಆಗುತ್ತದೆ. ಎರಡನೇ ವರ್ಷದ ಬಡ್ಡಿ ಅದರ ಮೇಲೆ, 734. ಈ ಹೆಚ್ಚಿನ 47 ರೂಪಾಯಿ ಇದೆಯಲ್ಲ, ಅದು ಮೊದಲ ವರ್ಷದ 687 ದುಡಿದು ತಂದದ್ದು. ಮೂರನೇ ವರ್ಷ 785, ನಾಲ್ಕನೇ ವರ್ಷ 839, ಐದನೇ ವರ್ಷ 896. ಕೂಡಿದರೆ 3,941. ಮಗನ ಲೆಕ್ಕ ಸರಿಯಾಗಿ ಇಲ್ಲಿಗೆ ಬರುತ್ತದೆ.

"ಹಂಗಾದ್ರೆ ಇದು ಬಡ್ಡಿಗೆ ಬಡ್ಡಿ ತಾನೆ ಸಾರ್? ಅದು ಒಳ್ಳೇದಲ್ಲ ಅಂತಾರಲ್ಲ" ಅಂದರು ಅಕ್ಕ. ಆ ಮಾತು ನನಗೆ ಮರೆಯುವುದಿಲ್ಲ. ನಮ್ಮ ಜನಕ್ಕೆ ಚಕ್ರಬಡ್ಡಿ ಪರಿಚಯ ಆಗಿರುವುದೇ ಸಾಲ ತೆಗೆದುಕೊಂಡ ಕಡೆಯಿಂದ. ಕಟ್ಟದೆ ಉಳಿದ ಬಡ್ಡಿಯನ್ನು ಅಸಲಿಗೆ ಸೇರಿಸಿ ಮತ್ತೆ ಪತ್ರ ಬರೆಸಿಕೊಳ್ಳುವ ಸಾಹುಕಾರನ ನೆನಪು ಎಷ್ಟೋ ಮನೆಗಳಲ್ಲಿ ಇದೆ. ಅದೇ ಚಕ್ರ ಠೇವಣಿಯಲ್ಲಿ ನಮ್ಮ ಕಡೆಗೆ ತಿರುಗುತ್ತದೆ ಅಂತ ಅವರಿಗೆ ಯಾರೂ ಕೂತು ಹೇಳಿರುವುದಿಲ್ಲ.

ಎರಡನೇ ವರ್ಷದ 47 ರೂಪಾಯಿ ನೋಡಿ ತುಂಬಾ ಜನ "ಇಷ್ಟೇನಾ" ಅಂತಾರೆ. ಆದರೆ ಐದನೇ ವರ್ಷದಲ್ಲಿ ಆ ವ್ಯತ್ಯಾಸ 209 ಆಗಿದೆ ನೋಡಿ. ಇದೇ ದರದಲ್ಲಿ ಇನ್ನೂ ಮುಂದಕ್ಕೆ ಬಿಟ್ಟರೆ, ಬಡ್ಡಿ ಅಸಲಿಗೆ ಸೇರುವ ದುಡ್ಡು ಸುಮಾರು ಹತ್ತೂವರೆ ವರ್ಷಕ್ಕೆ ಎರಡರಷ್ಟಾಗುತ್ತದೆ. ವರ್ಷಕ್ಕೆ 687ರಂತೆ ಬಡ್ಡಿ ಪಕ್ಕದಲ್ಲಿ ಕೂತರೆ ಎರಡರಷ್ಟಾಗಲು ಹದಿನಾಲ್ಕೂವರೆ ವರ್ಷ ಬೇಕು. ದರ ಒಂದೇ. ನಡುವೆ ನಾಲ್ಕು ವರ್ಷ ಹೋಯಿತು.

ಅಕ್ಕ ಏನು ಮಾಡಬಹುದಿತ್ತು? ಟಿಡಿಯಲ್ಲೇ ಇಡಬೇಕು ಅನ್ನಿಸಿದ್ದರೂ, ವರ್ಷದ ಬಡ್ಡಿಯನ್ನು ತಮ್ಮ ಉಳಿತಾಯ ಖಾತೆಗೆ ಹಾಕಿ ಅಂತ ಒಂದು ಅರ್ಜಿ ಕೊಡಬಹುದಿತ್ತು. ಅಂಚೆ ಕಚೇರಿಯ ಉಳಿತಾಯ ಖಾತೆಗೆ 4% ಬಡ್ಡಿ ಇದೆ. ಪ್ರತಿ ವರ್ಷದ 687 ಅಲ್ಲಿ ಹೋಗಿ ಕೂತಿದ್ದರೆ ಕೊನೆಗೆ ಒಟ್ಟು 13,700 ರೂಪಾಯಿಯ ಆಸುಪಾಸು ಸಿಗುತ್ತಿತ್ತು. 13,941 ಅಲ್ಲ, ಆದರೆ 13,435 ಕೂಡ ಅಲ್ಲ. ಇಲ್ಲವೇ ಅದೇ ಕೌಂಟರಿನಲ್ಲಿ ಎನ್‌ಎಸ್‌ಸಿ, ಅಂದರೆ ರಾಷ್ಟ್ರೀಯ ಉಳಿತಾಯ ಪತ್ರ ಕೇಳಬಹುದಿತ್ತು. ಅದಕ್ಕೆ ಆಗ 6.8% ಇತ್ತು. ಅದರಲ್ಲಿ ಬಡ್ಡಿ ವರ್ಷಕ್ಕೊಮ್ಮೆ ಅಸಲಿಗೆ ಸೇರುತ್ತದೆ, ಕೊನೆಯಲ್ಲಿ ಒಟ್ಟಿಗೆ ಬರುತ್ತದೆ. 10,000ಕ್ಕೆ 13,895 ಬಂದಿರುತ್ತಿತ್ತು. ಆದರೆ ಎನ್‌ಎಸ್‌ಸಿಯನ್ನು ಸಾಮಾನ್ಯವಾಗಿ ನಡುವೆ ಮುರಿಸಲು ಆಗುವುದಿಲ್ಲ. ಟಿಡಿಯನ್ನು ಆರು ತಿಂಗಳಾದ ಮೇಲೆ ಕಡಿಮೆ ಬಡ್ಡಿಗೆ ಮುರಿಸಬಹುದು, ಐದು ವರ್ಷದ್ದಕ್ಕೆ ಮಾತ್ರ ನಿಯಮ ಇನ್ನೂ ಬಿಗಿ. ಆದ್ದರಿಂದ ಯಾವುದು ಒಳ್ಳೆಯದು ಅಂತ ಎಲ್ಲರಿಗೂ ಒಂದೇ ಉತ್ತರ ನಾನು ಕೊಡಲಾರೆ.

ಬ್ಯಾಂಕಿನಲ್ಲೂ ಇದೇ ಗೊಂದಲ ಇದೆ, ಬೇರೆ ರೂಪದಲ್ಲಿ. ಎಫ್‌ಡಿ ಫಾರಂನಲ್ಲಿ ಬಡ್ಡಿ ಹೇಗೆ ಬೇಕು ಅಂತ ಕೇಳಿರುತ್ತಾರೆ: ತಿಂಗಳಿಗಾ, ಮೂರು ತಿಂಗಳಿಗಾ, ಅಥವಾ ಕೊನೆಯಲ್ಲಿ ಒಟ್ಟಿಗಾ. ಎಷ್ಟೋ ಜನ ಅಲ್ಲಿ ಟಿಕ್ ಹಾಕುವ ಕೆಲಸವನ್ನು ಪಕ್ಕದಲ್ಲಿ ನಿಂತವರಿಗೆ ಬಿಡುತ್ತಾರೆ. ಮೂರು ತಿಂಗಳಿಗೊಮ್ಮೆ ಅಂತ ಟಿಕ್ ಬಿದ್ದರೆ ಬಡ್ಡಿ ಉಳಿತಾಯ ಖಾತೆಗೆ ಬರುತ್ತದೆ, ಅಲ್ಲಿನ ಕಡಿಮೆ ದರದಲ್ಲಿ ಕೂರುತ್ತದೆ, ಮಾರುಕಟ್ಟೆಗೆ ಹೋದಾಗ ಖರ್ಚಾಗುತ್ತದೆ. ಕೊನೆಗೆ ಅಸಲು ಮಾತ್ರ ವಾಪಸು ಬಂದಾಗ "ಬೆಳೆದೇ ಇಲ್ಲವಲ್ಲ" ಅಂತ ಬರುತ್ತಾರೆ.

ಇದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಬ್ಯಾಂಕಿನ ಎಫ್‌ಡಿ ರಿಸೀಟು ತೆಗೆದು ಎರಡು ಅಂಕಿ ನೋಡಿ: ಇಟ್ಟ ಮೊತ್ತ ಮತ್ತು ಮೆಚ್ಯೂರಿಟಿ ಮೊತ್ತ. ಎರಡೂ ಒಂದೇ ಆಗಿದ್ದರೆ ಬಡ್ಡಿ ಆಗಾಗ ಹೊರಗೆ ಹೋಗುತ್ತಿದೆ. ಮೆಚ್ಯೂರಿಟಿ ಮೊತ್ತ ಹೆಚ್ಚಿದ್ದರೆ ಸಾಮಾನ್ಯವಾಗಿ ಬಡ್ಡಿ ಅಸಲಿಗೆ ಸೇರುತ್ತಿದೆ. ಹಾಗೇ, ಅವಧಿ ಮುಗಿದ ಮೇಲೆ ತಾನಾಗಿ ಮುಂದುವರಿಯುವ ಠೇವಣಿಯಾದರೆ ಅಸಲು ಮಾತ್ರ ಮುಂದುವರಿಯುತ್ತದೋ, ಬಡ್ಡಿ ಸೇರಿಸಿಯೋ ಅಂತ ಕೇಳಿ. ಅಲ್ಲಿ ತಪ್ಪಿದರೆ ಐದು ವರ್ಷದ ಚಕ್ರ ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ.

ತಿಂಗಳ ಬಡ್ಡಿ ತೆಗೆದುಕೊಳ್ಳುವವರು ದಡ್ಡರು ಅಂತ ನಾನು ಹೇಳುತ್ತಿಲ್ಲ. ಪಿಂಚಣಿ ಇಲ್ಲದವರು ಆ ದುಡ್ಡಲ್ಲೇ ಮಾತ್ರೆ, ಹಾಲು, ಕರೆಂಟ್ ಬಿಲ್ ನೋಡಿಕೊಳ್ಳಬೇಕು. ಅವರಿಗೆ ಅದೇ ಸರಿ. ನನಗೆ ಸಂಕಟ ಆಗುವುದು ಆ ಬಡ್ಡಿ ಬೇಕಿಲ್ಲದವರು, ಬೆಳೆಯಲಿ ಅಂತಲೇ ಇಟ್ಟವರು, ತಿಳಿಯದೆ ಸರಳ ಬಡ್ಡಿಯಲ್ಲಿ ಕೂತಿರುವಾಗ.

ಇನ್ನೊಂದು ಮಾತು ಇದೇ ಲೆಕ್ಕದಿಂದ. ಒಮ್ಮೆ ಒಬ್ಬರು ಒಂದು ಸೊಸೈಟಿಯ ಕರಪತ್ರ ತಂದಿದ್ದರು. "ಸರಾಸರಿ ವಾರ್ಷಿಕ ಗಳಿಕೆ" ಅಂತ ದೊಡ್ಡ ಅಕ್ಷರದಲ್ಲಿ ಒಂದು ದರ ಹಾಕಿದ್ದರು, ಬಡ್ಡಿ ದರ ಕೆಳಗೆ ಸಣ್ಣ ಅಕ್ಷರದಲ್ಲಿ. ಅಕ್ಕನ ಅಂಕಿಯಲ್ಲೇ ಇದನ್ನು ನೋಡಿ. ಐದು ವರ್ಷಕ್ಕೆ 3,941 ಅನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 788. ಅದನ್ನು "7.88%" ಅಂತ ಬರೆಯಬಹುದು. ಆದರೆ ದರ ಅದೇ 6.7%. ಅವಧಿ ಉದ್ದವಾದಷ್ಟೂ ಈ ಸರಾಸರಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅದನ್ನು ಪಕ್ಕದ ಬ್ಯಾಂಕಿನ ಬಡ್ಡಿ ದರದ ಜೊತೆ ಹೋಲಿಸಿ ಜಾಸ್ತಿ ಅಂದುಕೊಂಡರೆ ಮೋಸ ಹೋಗುತ್ತೀರಿ. "ಒಂದೇ ವರ್ಷಕ್ಕೆ ಇಟ್ಟರೆ ಹತ್ತು ಸಾವಿರಕ್ಕೆ ಎಷ್ಟು ಕೊಡ್ತೀರಿ, ಐದು ವರ್ಷಕ್ಕೆ ಕೊನೆಯಲ್ಲಿ ಕೈಗೆ ಎಷ್ಟು ಬರುತ್ತೆ?" ಅಂತ ರೂಪಾಯಿಯಲ್ಲಿ ಕೇಳಿ, ಬರೆಸಿಕೊಳ್ಳಿ.

ತೆರಿಗೆ ಕಟ್ಟುವವರಿಗೆ ಒಂದು ಎಚ್ಚರಿಕೆ. ಬಡ್ಡಿ ಕೊನೆಯಲ್ಲಿ ಬರುವ ಎಫ್‌ಡಿಯಲ್ಲೂ ಬ್ಯಾಂಕು ವರ್ಷ ವರ್ಷದ ಬಡ್ಡಿಯನ್ನು ಲೆಕ್ಕ ತೋರಿಸುತ್ತದೆ, ಮಿತಿ ದಾಟಿದರೆ ಅದರಿಂದ ಟಿಡಿಎಸ್ ಹಿಡಿಯುತ್ತದೆ. ಆಗ ರಿಸೀಟಿನಲ್ಲಿ ಬರೆದ ಮೊತ್ತಕ್ಕಿಂತ ಕಡಿಮೆ ಕೈಗೆ ಬರಬಹುದು. ನಿಮ್ಮ ಆದಾಯಕ್ಕೆ ಏನು ಅನ್ವಯಿಸುತ್ತದೆ ಅನ್ನುವುದನ್ನು ತೆರಿಗೆ ನೋಡಿಕೊಳ್ಳುವವರ ಹತ್ತಿರವೇ ಕೇಳಿ.

ಹೂವಿನ ಅಕ್ಕ ಆ 13,435ರಲ್ಲಿ 435 ಖರ್ಚಿಗೆ ಇಟ್ಟುಕೊಂಡು 13,000ವನ್ನು ಮತ್ತೆ ಐದು ವರ್ಷಕ್ಕೆ ಇಟ್ಟರು, ಈ ಸಲ ಎನ್‌ಎಸ್‌ಸಿಯಲ್ಲಿ. ಇಡುವ ಮೊದಲು ಕೌಂಟರಿನಲ್ಲಿ ನಿಂತು, "ಬಡ್ಡಿ ಅಸಲಿಗೆ ಸೇರುತ್ತಾ ಸಾರ್, ಇಲ್ಲಾ ಪಕ್ಕದಲ್ಲಿ ಕೂರುತ್ತಾ?" ಅಂತ ಕೇಳಿದರಂತೆ. ಕೊನೆಗೆ ಬರುವ ಮೊತ್ತವನ್ನು ಮಗನ ಕೈಲಿ ಪಾಸ್‌ಬುಕ್ಕಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆಸಿದ್ದಾರೆ. ಮೊನ್ನೆ ಮಲ್ಲಿಗೆ ತೂಗುತ್ತಾ ನನಗೂ ತೋರಿಸಿದರು.