ಎದುರಿನವ ಡಿಮ್ ಮಾಡದಿದ್ದರೆ ನಾವೂ ಹೈ ಬೀಮ್ ಹಾಕಬಹುದೇ?

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಎಷ್ಟು ಸಲ ಕೇಳಿದರೂ ಉತ್ತರ ಒಂದೇ: ಹಾಕಬೇಡಿ. ಎದುರಿನಿಂದ ವಾಹನ ಬಂದಾಗಲೂ ಮುಂದಿನ ವಾಹನದ ಬೆನ್ನಿಗೇ ಹೋಗುವಾಗಲೂ ಲೋ ಬೀಮ್ ಇರಬೇಕೆಂಬುದು ನಿಯಮ. ಎದುರಿನವ ಅದನ್ನು ಮುರಿದನೆಂದು ನಮಗೆ ವಿನಾಯಿತಿ ಸಿಗುವುದಿಲ್ಲ.

ಆದರೂ "ನಾವೂ ಹಾಕಿದರೆ ನಮಗೆ ರಸ್ತೆ ಕಾಣುತ್ತದಲ್ಲ" ಎಂಬ ನಂಬಿಕೆ ಬಿಡುವುದಿಲ್ಲ. ಕಾಣುವುದಿಲ್ಲ ಸ್ವಾಮಿ! ಎದುರಿನ ಬೆಳಕು ನಮ್ಮ ಕಣ್ಣಿನೊಳಗೇ ಚದುರಿ, ನೋಟದ ಮೇಲೆ ಬಿಳಿ ಪರದೆ ಎಳೆಯುತ್ತದೆ. ಪರದೆ ಇರುವುದು ಕಣ್ಣಲ್ಲಿ. ರಸ್ತೆಗೆ ಎಷ್ಟು ಬೆಳಕು ಸುರಿದರೂ ಅದು ಸರಿಯುವುದಿಲ್ಲ. ಬದಲಿಗೆ ನಮ್ಮತ್ತಲೇ ಬರುತ್ತಿರುವ ಲಾರಿಯ ಚಾಲಕನಿಗೂ ಕಣ್ಣು ಕತ್ತಲಾಗುತ್ತದೆ. ಲಾರಿ ದಾಟಿ ಹೋದ ಮೇಲೂ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡ್ ಬೇಕು. ಮೂರೇ ಸೆಕೆಂಡ್ ಎಂದುಕೊಂಡರೂ, ಗಂಟೆಗೆ 60 ಕಿ.ಮೀ. ವೇಗದಲ್ಲಿ 50 ಮೀಟರ್ ಕುರುಡಾಗಿ ಹೋದಂತಾಯಿತು. ರಸ್ತೆಯಂಚಿನಲ್ಲಿ ನಡೆಯುತ್ತಿರುವವರು ಅಷ್ಟರೊಳಗೇ ಇರಬಹುದು.

ಮಾಡಬೇಕಾದದ್ದು ಇಷ್ಟು. ತಿರುವಿನಾಚೆ ಮರಗಳ ಮೇಲೆ ಬೆಳಕು ಕಂಡೊಡನೆ, ವಾಹನ ಕಾಣಿಸಿಕೊಳ್ಳುವ ಮೊದಲೇ, ಲೋ ಬೀಮ್‌ಗೆ ಬನ್ನಿ. ನೆನಪಿಸಲು ಒಮ್ಮೆ ಮಾತ್ರ ಡಿಪ್ಪರ್ ಹೊಡೆಯಿರಿ. ಆತ ಇಳಿಸದಿದ್ದರೆ ಅವನ ದೀಪ ನೋಡದೆ, ನಿಮ್ಮ ಎಡಗಡೆಯ ಬಿಳಿ ಗೆರೆ ನೋಡುತ್ತ ವೇಗ ಇಳಿಸಿ. ಗೆರೆಯೂ ಕಾಣದಿದ್ದರೆ ಇನ್ನೂ ನಿಧಾನ, ಬೇಕಾದರೆ ಪೂರ್ತಿ ನಿಲ್ಲಿಸಿ.

ಎಷ್ಟು ವೇಗ ಸರಿ? ಲೋ ಬೀಮ್‌ನಲ್ಲಿ ಸುಮಾರು 40ರಿಂದ 60 ಮೀಟರ್ ಕಾಣುತ್ತದೆ. ಒದ್ದೆ ರಸ್ತೆಯಲ್ಲಿ 60ರ ವೇಗದಿಂದ ನಿಲ್ಲಲು, ಬ್ರೇಕಿಗೆ ಕಾಲು ಹೋಗುವ ಒಂದೂವರೆ ಸೆಕೆಂಡ್ ಸೇರಿಸಿದರೆ, ಹೆಚ್ಚುಕಡಿಮೆ 60 ಮೀಟರ್ ಬೇಕು. ಅಂದರೆ ಮಳೆಯಲ್ಲಿ 60 ಕೂಡ ಹೆಚ್ಚು. ಮಂಜಿನಲ್ಲಿ ಹೈ ಬೀಮ್ ಹಾಕಿದರಂತೂ ಹನಿಗಳು ಬೆಳಕನ್ನು ನಮ್ಮ ಮುಖಕ್ಕೇ ಹಿಂದಿರುಗಿಸುತ್ತವೆ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಮಾತೊಂದಿದೆ. ನಿಮ್ಮ ಲೋ ಬೀಮ್ ನಿಜಕ್ಕೂ ಕೆಳಗಿದೆಯೇ? ಡಿಕ್ಕಿಯಲ್ಲಿ ಅಡಿಕೆ ಮೂಟೆ, ಹಿಂದಿನ ಸೀಟಿನಲ್ಲಿ ಮೂವರು ಕೂತಾಗ ಹಿಂಭಾಗ 5 ಸೆಂ.ಮೀ. ಕುಸಿಯಿತು ಎನ್ನಿ. ಎರಡೂವರೆ ಮೀಟರ್ ಗಾಲಿ ಅಂತರಕ್ಕೆ ಅದು ನೂರಕ್ಕೆ ಎರಡರಷ್ಟು ಓರೆ. ದೀಪವನ್ನು ನೂರಕ್ಕೆ ಒಂದರಷ್ಟು ಕೆಳಮುಖವಾಗಿ ಕೂರಿಸಿದ್ದರೆ ಈಗ ಅದು ಒಂದರಷ್ಟು ಮೇಲ್ಮುಖ. 50 ಮೀಟರ್ ಆಚೆ ಬೆಳಕಿನ ಮೇಲಂಚು ದೀಪಕ್ಕಿಂತ ಅರ್ಧ ಮೀಟರ್ ಎತ್ತರ, 65 ಸೆಂ.ಮೀ. ಎತ್ತರದ ದೀಪವಾದರೆ ನೆಲದಿಂದ 1.15 ಮೀಟರ್. ಎದುರಿನ ಕಾರು ಚಾಲಕನ ಕಣ್ಣು ಸರಿಯಾಗಿ ಅಲ್ಲೇ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಸ್ಟಿಯರಿಂಗ್ ಪಕ್ಕ ಸೊನ್ನೆಯಿಂದ ಶುರುವಾಗುವ ಪುಟ್ಟ ಚಕ್ರವಿರುವುದು ಇದಕ್ಕೇ. ಭಾರ ಹೆಚ್ಚಿದಂತೆ ದೊಡ್ಡ ಅಂಕಿಗೆ ತಿರುಗಿಸಿ, ಮೂಟೆ ಇಳಿಸಿದ ಮೇಲೆ ಸೊನ್ನೆಗೆ ತನ್ನಿ.