ಸಾಂದ್ರತೆ: ಬಿಸಿಗಾಳಿ ಬಲೂನನ್ನು ಎತ್ತುವುದು ಒತ್ತಡವಲ್ಲ

‘ಕಾದ ಗಾಳಿಯ ಒತ್ತಡ ಹೆಚ್ಚಿ ಬಲೂನನ್ನು ಮೇಲಕ್ಕೆ ತಳ್ಳುತ್ತದೆ’ ಎಂಬ ವಾಕ್ಯ ಮಕ್ಕಳ ವಿಜ್ಞಾನದ ಪುಟಗಳಲ್ಲಿ, ಪ್ರವಾಸ ಲೇಖನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಾಂದ್ರತೆ ಎಂದು ಬರೆಯಬೇಕಾದ ಕಡೆ ಒತ್ತಡ ಎಂದು ಬರೆಯುವುದು ಬರೀ ಪದದ ತಪ್ಪಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಹಾಗೆ ಬರೆದಾಗ ಬಲೂನು ಹಾರುವ ಕಾರಣವೇ ತಲೆಕೆಳಗಾಗುತ್ತದೆ. ಅದನ್ನು ನಂಬಿದವರಿಗೆ ಒಂದೇ ಬಲೂನು ಚಳಿಗಾಲದ ಬೆಳಗ್ಗೆ ಐವರನ್ನೂ ಬೇಸಿಗೆಯ ಮಧ್ಯಾಹ್ನ ಇಬ್ಬರನ್ನೂ ಮಾತ್ರ ಏಕೆ ಹೊರುತ್ತದೆ ಎಂಬುದು ಎಂದಿಗೂ ಅರ್ಥವಾಗುವುದಿಲ್ಲ.

ಜನಸಾಂದ್ರತೆ ಎಂದಾಗ ನಾವು ಇಷ್ಟು ಜಾಗದಲ್ಲಿ ಎಷ್ಟು ಜನ ಎಂದು ಲೆಕ್ಕ ಹಾಕುತ್ತೇವೆಯೇ ಹೊರತು ಅವರು ಎಷ್ಟು ತಳ್ಳಾಡುತ್ತಿದ್ದಾರೆ ಎಂದು ಕೇಳುವುದಿಲ್ಲ. ಗಾಳಿಯ ಸಾಂದ್ರತೆಯೂ ಹಾಗೆಯೇ: ಒಂದು ಘನ ಮೀಟರ್ ಜಾಗದಲ್ಲಿರುವ ಗಾಳಿ ಎಷ್ಟು ಕಿಲೋಗ್ರಾಂ ತೂಗುತ್ತದೆ ಎಂಬುದಷ್ಟೇ ಅದರ ಅರ್ಥ. ತಳ್ಳಾಟದ ಲೆಕ್ಕ ಒತ್ತಡದ್ದು.

ಇನ್ನು ಬಲೂನಿನ ಚೀಲವನ್ನು ಗಮನಿಸಿ. ಅದರ ಬಾಯಿ ಕೆಳಗೆ ತೆರೆದೇ ಇರುತ್ತದೆ. ಬರ್ನರಿನ ಜ್ವಾಲೆ ಒಳಗೆ ಹೋಗುವುದೂ ಆ ಬಾಯಿಂದಲೇ. ಬಾಯಿ ತೆರೆದ ಚೀಲದೊಳಗೆ ಒತ್ತಡ ಏರಿ ನಿಲ್ಲುವುದಕ್ಕೆ ದಾರಿಯೇ ಇಲ್ಲ. ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದರಲ್ಲಿ ಹೆಚ್ಚಾದ ಪಾಲು ಬಾಯಿಂದ ಹೊರಕ್ಕೆ ಹರಿದುಹೋಗುತ್ತದೆ, ಉಳಿದ ಗಾಳಿ ಅಷ್ಟೇ ಜಾಗವನ್ನು ಕಡಿಮೆ ತೂಕದಲ್ಲಿ ತುಂಬಿಕೊಂಡಿರುತ್ತದೆ. ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಒಂದೇ ಆಗಿದ್ದು ಸಾಂದ್ರತೆ ಮಾತ್ರ ಬೇರೆಯಾಗುವುದು ಹೀಗೆ. ‘ಹೆಚ್ಚುಕಡಿಮೆ’ ಎಂದದ್ದಕ್ಕೆ ಕಾರಣವಿದೆ. ಬಾಯಿಯ ಬಳಿ ಎರಡೂ ಕಡೆ ಒತ್ತಡ ಸಮನಾಗಿದ್ದರೂ, ಮೇಲಕ್ಕೆ ಹೋದಂತೆ ಹೊರಗಿನ ಭಾರವಾದ ಗಾಳಿಯಲ್ಲಿ ಒತ್ತಡ ಬೇಗ ಇಳಿಯುತ್ತದೆ, ಒಳಗಿನ ಹಗುರ ಗಾಳಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಹೀಗಾಗಿ 20 ಮೀಟರ್ ಎತ್ತರದ ಚೀಲದ ನೆತ್ತಿಯಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 55 ಪಾಸ್ಕಲ್‌ನಷ್ಟು ಹೆಚ್ಚಿರುತ್ತದೆ. ವಾಯುಮಂಡಲದ ಒತ್ತಡ ಒಂದು ಲಕ್ಷ ಪಾಸ್ಕಲ್‌ಗಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ ಈ ವ್ಯತ್ಯಾಸ ಎಷ್ಟು ಸಣ್ಣದೆಂದು ತಿಳಿಯುತ್ತದೆ. ನೆತ್ತಿಯ ಬಟ್ಟೆ ಬಿಗಿಯಾಗಿ ನಿಲ್ಲುವುದು, ಇಳಿಯುವಾಗ ಪೈಲಟ್ ಹಗ್ಗ ಎಳೆದು ನೆತ್ತಿಯ ಕಿಂಡಿ ತೆರೆದರೆ ಬಿಸಿಗಾಳಿ ಮೇಲಕ್ಕೇ ನುಗ್ಗಿ ಹೋಗುವುದು, ಎರಡೂ ಇದರಿಂದಲೇ. ಬಟ್ಟೆಯನ್ನು ಮುಟ್ಟಿ ಎತ್ತುವುದು ಈ ಒತ್ತಡದ ವ್ಯತ್ಯಾಸವೇ ಎಂದು ಯಾರಾದರೂ ವಾದಿಸಿದರೆ ಒಪ್ಪೋಣ. ಆದರೆ ಆ ವ್ಯತ್ಯಾಸ ಹುಟ್ಟಿದ್ದು ಸಾಂದ್ರತೆಯ ವ್ಯತ್ಯಾಸದಿಂದ, ಬಿಸಿಯಾಗಿ ಉಬ್ಬಿದ ಗಾಳಿಯ ಬಲದಿಂದಲ್ಲ.

1783ರಲ್ಲಿ ಫ್ರಾನ್ಸಿನಲ್ಲಿ ಮೊದಲ ಬಲೂನು ಹಾರಿಸಿದ ಮಾಂಟ್‌ಗೋಲ್ಫಿಯೇ ಸಹೋದರರಿಗೂ ಕಾರಣ ಸರಿಯಾಗಿ ಗೊತ್ತಿರಲಿಲ್ಲ. ಹೊಗೆಯಲ್ಲೇ ಏನೋ ಎತ್ತುವ ಗುಣವಿದೆ ಎಂದು ನಂಬಿ ಅವರು ಹುಲ್ಲು, ಉಣ್ಣೆ ಸುಟ್ಟು ಹೊಗೆ ಎಬ್ಬಿಸುತ್ತಿದ್ದರು. ಅವರ ಕಾಲಕ್ಕೆ ಅದು ಕ್ಷಮ್ಯ.

ತಾಪಮಾನಕ್ಕೂ ಸಾಂದ್ರತೆಗೂ ಇರುವ ಸಂಬಂಧ ಸರಳವಾಗಿದೆ:

ρ = P / (287 × T)

ಇಲ್ಲಿ ρ ಎಂದರೆ ಸಾಂದ್ರತೆ, P ಎಂದರೆ ಪಾಸ್ಕಲ್‌ನಲ್ಲಿ ಒತ್ತಡ, T ಎಂದರೆ ತಾಪಮಾನ, 287 ಗಾಳಿಗೆ ಸಂಬಂಧಿಸಿದ ಸ್ಥಿರಾಂಕ. T ಕೆಲ್ವಿನ್‌ನಲ್ಲಿರಬೇಕು, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಬೇಕು. ‘ಹೊರಗೆ 15 ಡಿಗ್ರಿ, ಒಳಗೆ 100 ಡಿಗ್ರಿ, ಅಂದಮೇಲೆ ಒಳಗಿನ ಗಾಳಿ ಆರೇಳು ಪಟ್ಟು ಹಗುರ’ ಎಂದು ಎಣಿಸುವವರು ಎಡವುವುದು ಇಲ್ಲಿಯೇ. ನಿಜವಾದ ಅನುಪಾತ 288ಕ್ಕೆ 373. ಹಾಗಾಗಿ ಒಳಗಿನ ಗಾಳಿ ಹಗುರವಾಗುವುದು ಶೇಕಡ 23ರಷ್ಟು ಮಾತ್ರ. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಗಾಳಿ ಘನ ಮೀಟರಿಗೆ 1.225 ಕೆಜಿ, 100 ಡಿಗ್ರಿಯದು 0.946 ಕೆಜಿ.

2,800 ಘನ ಮೀಟರಿನ ಬಲೂನೊಂದನ್ನು ತೆಗೆದುಕೊಳ್ಳೋಣ. ಅದು ಪಕ್ಕಕ್ಕೆ ಸರಿಸಿದ ಹೊರಗಾಳಿಯ ತೂಕ 3,430 ಕೆಜಿ, ಒಳಗಿನ ಬಿಸಿಗಾಳಿಯ ತೂಕ ಸುಮಾರು 2,650 ಕೆಜಿ. ‘ಹಗುರವಾದ’ ಆ ಗಾಳಿಯೇ ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಇವೆರಡರ ವ್ಯತ್ಯಾಸವಾದ 780 ಕೆಜಿಯಷ್ಟೇ ಎತ್ತುವ ಸಾಮರ್ಥ್ಯ. ಚೀಲ, ಬುಟ್ಟಿ, ಬರ್ನರ್ ಮತ್ತು ತುಂಬಿದ ಪ್ರೊಪೇನ್ ಸಿಲಿಂಡರುಗಳಿಗೆ 350 ಕೆಜಿ ಎಂದಿಟ್ಟುಕೊಂಡರೆ ಉಳಿಯುವುದು 430. ತಲೆಗೆ 80 ಕೆಜಿಯಂತೆ ಪೈಲಟ್ ಸೇರಿ ಐವರು ಹೋಗಬಹುದು.

ಈಗ ಹೊರಗಿನ ತಾಪಮಾನವನ್ನು ಮಾತ್ರ 35 ಡಿಗ್ರಿಗೆ ಏರಿಸಿ. ಹೊರಗಾಳಿಯ ಸಾಂದ್ರತೆ 1.146ಕ್ಕೆ ಇಳಿಯುತ್ತದೆ, ಎತ್ತುವ ಸಾಮರ್ಥ್ಯ 560 ಕೆಜಿಗೆ ಕುಸಿಯುತ್ತದೆ, ಜನರಿಗೆ ಉಳಿಯುವುದು 210 ಕೆಜಿ. ಒಳಗಿನ ಗಾಳಿ ಒಂದಿಷ್ಟೂ ಬದಲಾಗಿಲ್ಲ, ಆದರೂ ಮೂವರು ಕೆಳಗಿಳಿಯಬೇಕಾಯಿತು. ಬಲೂನನ್ನು ಎತ್ತುವುದು ಹೊರಗಿನ ತಣ್ಣನೆಯ, ಭಾರವಾದ ಗಾಳಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಾರಾಟವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದಕ್ಕೆ ಗಾಳಿ ಶಾಂತವಾಗಿರುವುದು ಒಂದು ಕಾರಣವಾದರೆ ಇದು ಇನ್ನೊಂದು.

ಹಾಗಾದರೆ ಒಳಗಿನ ಗಾಳಿಯನ್ನೇ ಇನ್ನಷ್ಟು ಕಾಯಿಸಬಾರದೇ? ಕಾಯಿಸಬಹುದು, ಆದರೆ ನೈಲಾನ್ ಬಟ್ಟೆ ಸುಮಾರು 120 ಡಿಗ್ರಿಯ ಆಚೆಗೆ ಸತ್ವ ಕಳೆದುಕೊಳ್ಳುತ್ತದೆ. ಅದಕ್ಕೆಂದೇ ಚೀಲದ ನೆತ್ತಿಯಲ್ಲಿ ತಾಪ ಅಳೆಯುವ ಸಂವೇದಕವಿರುತ್ತದೆ; ಮಿತಿ ಮೀರಿದರೆ ಕರಗಿ, ಕಟ್ಟಿದ್ದ ಬಣ್ಣದ ಪಟ್ಟಿಯನ್ನು ಕೆಳಕ್ಕೆ ಬೀಳಿಸುವ ಕೊಂಡಿಯೂ ಹಲವು ಬಲೂನುಗಳಲ್ಲಿ ಇರುತ್ತದೆ. ಪಟ್ಟಿ ಬಿತ್ತೆಂದರೆ ಬಟ್ಟೆಯನ್ನು ಪರೀಕ್ಷಿಸದೆ ಮತ್ತೆ ಹಾರಿಸುವಂತಿಲ್ಲ.

ನೆಲದ ತಾಪಮಾನವನ್ನಷ್ಟೇ ನೋಡಿ ಲೆಕ್ಕ ಹಾಕಿದರೂ ಮೋಸ ಹೋಗಬಹುದು. ಕಣಿವೆಗಳಲ್ಲಿ ಚಳಿಯ ಬೆಳಗ್ಗೆ ನೆಲದ ಬಳಿ 10 ಡಿಗ್ರಿ ಇದ್ದು, ಸ್ವಲ್ಪ ಮೇಲೆ 18 ಡಿಗ್ರಿಯ ಪದರ ಇರುವುದುಂಟು. ಸಲೀಸಾಗಿ ಏರುತ್ತಿದ್ದ ಬಲೂನು ಆ ಪದರ ಹೊಕ್ಕ ಕೂಡಲೇ, ನಮ್ಮ ಲೆಕ್ಕದ ಗಾತ್ರದಲ್ಲಿ, ನೂರು ಕೆಜಿಯಷ್ಟು ಸಾಮರ್ಥ್ಯ ಕಳೆದುಕೊಂಡು ತಡೆದು ನಿಲ್ಲುತ್ತದೆ. ಬರ್ನರ್ ಸೋತಿತೆಂದು ಪ್ರಯಾಣಿಕರು ಭಾವಿಸುತ್ತಾರೆ. ಬದಲಾದದ್ದು ಹೊರಗಿನ ಸಾಂದ್ರತೆ. ಪೂರ್ತಿ ಭಾರ ಹೊತ್ತ ಬಲೂನಿಗೆ ಇದು ಸಣ್ಣ ಮಾತಲ್ಲ, ಆದ್ದರಿಂದ ಅನುಭವಿ ಪೈಲಟ್ ಮೇಲಿನ ತಾಪಮಾನವನ್ನೂ ವಿಚಾರಿಸಿಯೇ ಜನರನ್ನು ಹತ್ತಿಸುತ್ತಾರೆ.

ಎತ್ತರ ಹೆಚ್ಚಿದಂತೆ P ಇಳಿಯುತ್ತದೆ. ಒಳಗಿನ ಸಾಂದ್ರತೆ, ಹೊರಗಿನ ಸಾಂದ್ರತೆ, ಅವುಗಳ ವ್ಯತ್ಯಾಸ ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿರುವ ಮೈಸೂರಿನಲ್ಲಿ ನೆಲ ಬಿಡುವ ಮೊದಲೇ ಶೇಕಡ 9ರಷ್ಟು ಸಾಮರ್ಥ್ಯ ಹೋಗಿರುತ್ತದೆ, ಅಂದರೆ 15 ಡಿಗ್ರಿಯ ಬೆಳಗ್ಗೆಯೂ ಐವರ ಬದಲು ನಾಲ್ವರು. ಇದರ ತುತ್ತತುದಿ 2005ರ ನವೆಂಬರ್ 26ರಂದು ಮುಂಬೈಯಿಂದ ಏರಿ 21,027 ಮೀಟರ್ ಮುಟ್ಟಿದ ವಿಜಯಪತ್ ಸಿಂಘಾನಿಯಾ ಅವರ ಹಾರಾಟ. ಪ್ರಮಾಣಿತ ವಾಯುಮಂಡಲದ ಲೆಕ್ಕದಂತೆ ಆ ಎತ್ತರದಲ್ಲಿ ಹೊರಗಾಳಿ ಘನ ಮೀಟರಿಗೆ ಸುಮಾರು 75 ಗ್ರಾಂ ಮಾತ್ರ. ಅಲ್ಲಿ ಚಳಿ ಸೊನ್ನೆಗಿಂತ 55 ಡಿಗ್ರಿ ಕೆಳಗಿರುವುದು ಬಲೂನಿಗೆ ಅನುಕೂಲವೇ. ಆದರೂ ಒಳಗೆ 100 ಡಿಗ್ರಿ ಇದ್ದರೆ ಘನ ಮೀಟರಿಗೆ ದಕ್ಕುವುದು 30 ಗ್ರಾಂ ಎತ್ತುವ ಬಲ. ನಮ್ಮ ಐವರ ಬಲೂನಿನ 780 ಕೆಜಿಯನ್ನೇ ಅಲ್ಲಿ ಹಿಡಿದು ನಿಲ್ಲಿಸಬೇಕಾದರೆ ಚೀಲ ಒಂಬತ್ತು ಪಟ್ಟು ದೊಡ್ಡದಿರಬೇಕು.