ಜೋಡಣೆಯ ಗೆರೆ ಅಳಿಸಿದರೂ ಚೌಕಗಳು ಏಕೆ ಕಾಣುತ್ತವೆ?

ಪ್ರಶ್ನೆ: ನೆಲದ ತುಂಬ ಬಿದ್ದ ತರಗೆಲೆಗಳ ಫೋಟೊದಿಂದ ಬಟ್ಟೆಗೆ ವಿನ್ಯಾಸ ಮಾಡುತ್ತಿದ್ದೇನೆ. ಹೊರ ಅಂಚುಗಳು ನಡುವೆ ಬಂದು ಕೂಡುವಂತೆ ಚಿತ್ರವನ್ನು ಸರಿಸಿ, ಅಂದರೆ ಆಫ್‌ಸೆಟ್ ಮಾಡಿ, ನಡುವಿನ ಗೆರೆಯನ್ನು ಪೂರ್ತಿ ಅಳಿಸಿದೆ. ಆದರೂ ಪಕ್ಕಪಕ್ಕ ಜೋಡಿಸಿದಾಗ ಚೌಕಗಳು ಎದ್ದು ಕಾಣುತ್ತವೆ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ಗೆರೆಯಲ್ಲಿಲ್ಲ, ಬೆಳಕಿನಲ್ಲಿದೆ. ಫೋಟೊದ ಒಂದು ಮೂಲೆ ಇನ್ನೊಂದಕ್ಕಿಂತ ಸ್ವಲ್ಪ ಕಪ್ಪಾಗಿರುವುದು ಮಾಮೂಲು. ಲೆನ್ಸಿನಿಂದಾಗಿ ಅಂಚುಗಳು ಮಂಕಾಗುವುದೂ ಉಂಟು. ಒಂದೇ ಫೋಟೊ ನೋಡುವಾಗ ಕಣ್ಣು ಅದನ್ನು ಲೆಕ್ಕಿಸುವುದಿಲ್ಲ. ಅದೇ ಮಂಕು ಒಂಬತ್ತು ಸಲ ಸಾಲಾಗಿ ಬಂದಾಗ ಮಾತ್ರ ಪಟ್ಟೆಯಾಗಿಬಿಡುತ್ತದೆ. ಹಾಗಾಗಿ ಆಫ್‌ಸೆಟ್‌ಗೂ ಮೊದಲು ಬೆಳಕನ್ನು ಸಮ ಮಾಡಬೇಕು.

ನಿಮ್ಮ ಫೋಟೊ 4000×3000 ಪಿಕ್ಸೆಲ್ ಇದೆ ಎಂದುಕೊಳ್ಳೋಣ. ಬೇಕಾದ ಟೈಲ್, ಅಂದರೆ ಪಕ್ಕಪಕ್ಕ ಮತ್ತೆ ಮತ್ತೆ ಜೋಡಿಸುವ ತುಂಡು, 16 ಇಂಚಿನ ಚೌಕ. ಬಟ್ಟೆಗೆ ಇಂಚಿಗೆ 150 ಪಿಕ್ಸೆಲ್ ಸಾಕು, ಅಂದರೆ 2400×2400. ಆದರೆ ಈಗಲೇ ಕತ್ತರಿಸಬೇಡಿ. ಬೆಳಕಿನ ಕೆಲಸ ಪೂರ್ತಿ ಫೋಟೊದ ಮೇಲೇ ನಡೆಯಲಿ.

ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಹೀಗೆ ಮಾಡಬಹುದು. ಮೊದಲು ಫೋಟೊದ ಒಂದು ಪ್ರತಿಯನ್ನು 1×1 ಪಿಕ್ಸೆಲ್‌ಗೆ ಕುಗ್ಗಿಸಿ, ಉಳಿದ ಆ ಒಂದು ಬಣ್ಣವನ್ನು ಗುರುತು ಮಾಡಿಟ್ಟುಕೊಳ್ಳಿ. ಅದೇ ಚಿತ್ರದ ಸರಾಸರಿ ಬಣ್ಣ. ಆಮೇಲೆ ಮೂಲ ಫೋಟೊದ ಲೇಯರ್ ನಕಲು ಮಾಡಿ, ಮೇಲಿನದಕ್ಕೆ `Gaussian Blur` ಕೊಡಿ, ಅಳತೆ 300 ಪಿಕ್ಸೆಲ್. ಎಲೆಗಳೆಲ್ಲ ಕರಗಿ, ಬೆಳಕಿನ ಏರಿಳಿತ ಮಾತ್ರ ಮೋಡದ ಹಾಗೆ ಉಳಿಯಬೇಕು. ಆ ಲೇಯರಿನ ಮೋಡ್ `Grain extract` ಮಾಡಿ, ಎರಡನ್ನೂ ಒಂದಾಗಿಸಿ. ಚಿತ್ರ ಬೂದು ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಗುರುತಿಟ್ಟ ಬಣ್ಣವನ್ನು ಹೊಸ ಲೇಯರಿಗೆ ತುಂಬಿ `Grain merge` ಕೊಟ್ಟರೆ ಬಣ್ಣ ಮರಳುತ್ತದೆ. ಅಳತೆಯನ್ನು 40–50ಕ್ಕೆ ಇಳಿಸಿದರೆ ಎಲೆಗಳ ನಡುವಿನ ವ್ಯತ್ಯಾಸವೂ ಅಳಿಸಿಹೋಗಿ, ಎಲೆಯ ಸುತ್ತ ಬೆಳ್ಳಗಿನ ಅಂಚು ಮೂಡುತ್ತದೆ. ಸುಡುಬಿಸಿಲಿನ ಗಾಢ ನೆರಳಿಗೆ ಮಾತ್ರ ಈ ಉಪಾಯ ನಾಟುವುದಿಲ್ಲ; ಮೋಡ ಕವಿದಾಗ ಫೋಟೊ ಮತ್ತೆ ತೆಗೆಯುವುದೇ ಸುಲಭ.

ಈಗ 2400×2400 ಕತ್ತರಿಸಿ. `Layer > Transform > Offset` ತೆರೆದು, X ಮತ್ತು Y ಎರಡಕ್ಕೂ 1200 ಕೊಟ್ಟು, `Wrap around` ಆರಿಸಿ. ಹೊರಗಿನ ಅಂಚುಗಳು ನಡುವೆ ಬಂದು ಕೂಡಿ, ಶಿಲುಬೆಯಾಕಾರದ ಗೆರೆ ಕಾಣುತ್ತದೆ. ಈಗಿನ ಹೊರ ಅಂಚುಗಳು ಮೂಲ ಚಿತ್ರದ ನಡುಭಾಗದಿಂದ ಬಂದವು, ಆದ್ದರಿಂದ ಅವು ತಾವಾಗಿಯೇ ಹೊಂದುತ್ತವೆ.

ಗೆರೆ ಮುಚ್ಚುವಾಗ ಹೆಚ್ಚಿನವರು ಮೆದು ಬ್ರಷ್ ಹಿಡಿದು ಗೆರೆಯುದ್ದಕ್ಕೂ ಸವರುತ್ತಾರೆ. ಆಗ ಗೆರೆ ಹೋಗಿ, ಅದರ ಜಾಗದಲ್ಲಿ ಮಸುಕಾದ ಪಟ್ಟಿ ಉಳಿಯುತ್ತದೆ. ಅದರ ಬದಲು ಬೇರೆಡೆಯಿಂದ ಇಡೀ ಎಲೆಯನ್ನೇ ಅದರ ಅಂಚಿನಗುಂಟ ಕತ್ತರಿಸಿ ತಂದು, ಗೆರೆಗೆ ಅಡ್ಡಲಾಗಿ ಇಡಿ. ತುಂಡಾದ ಎಲೆ ಅದರಡಿ ಮುಚ್ಚಿಹೋಗುತ್ತದೆ. ಸಣ್ಣ ಸಂದುಗಳಿಗೆ ಮಾತ್ರ ಕ್ಲೋನ್ ಟೂಲ್ ಸಾಕು.

ಗೆರೆಯ ನಾಲ್ಕು ತುದಿಗಳು ಚಿತ್ರದ ಅಂಚನ್ನು ಮುಟ್ಟುವ ಕಡೆ ಕೈಯಿಡಬೇಡಿ. ಒಂದು ಬದಿಯಲ್ಲಿ ತಿದ್ದಿದರೆ ಎದುರಿನ ಬದಿಯಲ್ಲಿ ಅದರ ಜೋಡಿ ತಪ್ಪಿ, ಹೊಸ ಗೆರೆ ಹುಟ್ಟುತ್ತದೆ. ಉಳಿದದ್ದನ್ನು ಮುಗಿಸಿ, ಈ ಸಲ 600, 600ಕ್ಕೆ ಆಫ್‌ಸೆಟ್ ಮಾಡಿ. ಆ ತುದಿಗಳು ಒಳಗೆ ಬರುತ್ತವೆ, ಆಗ ನಿಶ್ಚಿಂತೆಯಿಂದ ತಿದ್ದಿ.

`Tile Seamless` ಎಂಬ ಫಿಲ್ಟರ್ ಇದೆಯಲ್ಲ ಎಂದು ಕೇಳಬಹುದು. ಅದು ಚಿತ್ರವನ್ನು ಅದರ ಮೇಲೇ ಬೆರೆಸುತ್ತದೆ. ಮರಳಿಗೋ ಹತ್ತಿಗೋ ಸರಿ, ಎಲೆಗಳಾದರೆ ಒಂದರೊಳಗೊಂದು ಪಾರದರ್ಶಕವಾಗಿ ಕಾಣುತ್ತವೆ.

ಪರೀಕ್ಷೆಗೆ `Filters > Map > Tile` ಬಳಸಿ 7200×7200ರ ಹೊಸ ಚಿತ್ರ ಮಾಡಿ, ಪರದೆಯಲ್ಲಿ 10–12 ಪ್ರತಿಶತಕ್ಕೆ ಕುಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡಿ. ಪಟ್ಟೆ ಕಂಡರೆ ಬೆಳಕು ಇನ್ನೂ ಸಮವಾಗಿಲ್ಲ. ಒಂದೇ ಚುಕ್ಕೆ ಒಂಬತ್ತು ಕಡೆ ಕಂಡರೆ ಅದು ಬೇರೆ ರೋಗ: ಎಲ್ಲ ಕಂದು ಎಲೆಗಳ ನಡುವೆ ಒಂದು ಹಳದಿ ಎಲೆ ಇದ್ದೀತು. ಅದನ್ನು ತೆಗೆಯಿರಿ, ಇಲ್ಲವೇ ಇನ್ನೂ ನಾಲ್ಕೈದು ಹಳದಿ ಎಲೆಗಳನ್ನು ಅಲ್ಲಲ್ಲಿ ಓರೆಯಾಗಿ ಹರಡಿ.

ಇದನ್ನೇ ಗೋಡೆ ಕಾಗದಕ್ಕೂ ಬಳಸುವುದಾದರೆ ಅಗಲ ಬದಲಿಸಬೇಕಾದೀತು. ರೋಲ್ 53 ಸೆಂ.ಮೀ. ಅಗಲವಿದ್ದರೆ ಟೈಲ್ 53 ಅಥವಾ 26.5 ಸೆಂ.ಮೀ. ಇರಬೇಕು, ಇಲ್ಲದಿದ್ದರೆ ಪಕ್ಕದ ಪಟ್ಟಿಗೆ ಹೊಂದದು. ಹಿಗ್ಗಿಸುವಾಗಲೂ, ಶಾರ್ಪ್ ಮಾಡುವಾಗಲೂ ಒಂದೇ ಟೈಲ್ ಮೇಲೆ ಮಾಡಬೇಡಿ: ಅಂಚಿನಾಚೆ ಏನಿದೆ ಎಂದು ತಂತ್ರಾಂಶಕ್ಕೆ ಗೊತ್ತಿರುವುದಿಲ್ಲ, ಕೂದಲೆಳೆಯಷ್ಟು ಗೆರೆ ಮರಳಿ ಬರುತ್ತದೆ. ಒಂಬತ್ತು ಟೈಲ್‌ಗಳ ಚಿತ್ರದ ಮೇಲೆ ಕೆಲಸ ಮಾಡಿ, ನಡುವಿನ ಒಂದನ್ನು ಕತ್ತರಿಸಿಕೊಂಡು, PNG ಅಥವಾ TIFF ಆಗಿ ಉಳಿಸಿ.